ಒಂದು ಸೊನ್ನೆಗೆ ಎಷ್ಟು ಗಂಟೆ?

(ಜೈವಿಕ ಗೊಬ್ಬರದ ಸಣ್ಣ ಘಟಕ ನಡೆಸುವವರಿಗಾಗಿ ಮತ್ತು ಕೃಷಿ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಪ್ಲೇಟನ್ನು ನೋಡಿ, ಆಮೇಲೆ ಪಕ್ಕದವರಿಗೆ ಕೊಡಿ. ಮುಚ್ಚಳ ಮಾತ್ರ ತೆಗೆಯಬೇಡಿ. ಕೆಂಪು ಅಗಾರ್ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತವೆ ಅಲ್ವಾ? ಸಾಸಿವೆ ಕಾಳಿಗಿಂತ ಸಣ್ಣವು, ಸ್ವಲ್ಪ ಉಬ್ಬಿಕೊಂಡಿವೆ. ಇವು ಸೋಯಾ ಅವರೆಯ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾದ ಕಾಲೊನಿಗಳು, ಒಂದೊಂದೂ ಒಂದು ಜೀವಕೋಶದಿಂದ ಬೆಳೆದ ಗುಂಪು. ಹೆಸರು ಬ್ರಾಡಿರೈಜೋಬಿಯಂ ಜಪೋನಿಕಂ, ರೈಜೋಬಿಯಂ ಗುಂಪಿನದು. ಪ್ಲೇಟಿನಲ್ಲಿ 212 ಕಾಲೊನಿ ಇವೆ. ನಿನ್ನೆ ಸಂಜೆ ಕೂತು ಎಣಿಸಿದೆ.

ಈಗ ಒಂದು ವಿಷಯ ಗಮನಿಸಿ. ಎಣಿಸಿದ್ದು ನಿನ್ನೆ. ಆದರೆ ಈ ಪ್ಲೇಟಿಗೆ ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆದ ದ್ರವ, ಹಚ್ಚಿದ್ದು ಹೋದ ವಾರ. ಈ ಜೀವಿ ಬಹಳ ನಿಧಾನ. ಕಣ್ಣಿಗೆ ಕಾಣುವಷ್ಟು ದೊಡ್ಡ ಕಾಲೊನಿಯಾಗಲು ಐದರಿಂದ ಏಳು ದಿನ ಬೇಕು. ಅಂದರೆ ಹೋದ ವಾರ ನನ್ನ ಫ್ಲಾಸ್ಕಿನಲ್ಲಿ ಎಷ್ಟು ಜೀವಕೋಶ ಇದ್ದವು ಅನ್ನೋದು ನನಗೆ ಗೊತ್ತಾಗಿದ್ದು ನಿನ್ನೆ. ಅಷ್ಟು ಹೊತ್ತಿಗೆ ಆ ಫ್ಲಾಸ್ಕ್ ಕೆಲಸ ಮುಗಿದು, ತೊಳೆದು, ಬೋರಲು ಹಾಕಿ ಆಗಿತ್ತು.

ನಮ್ಮ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ. ಬ್ರಾತನ್ನು ಯಾವಾಗ ತೆಗೆಯಬೇಕು ಅಂತ ಈಗ ತೀರ್ಮಾನಿಸಬೇಕು. ಸರಿಯಾದ ಎಣಿಕೆ ಬರುವುದು ವಾರದ ನಂತರ. ಹಾಗಾಗಿ ಗಂಟೆಗಳನ್ನು ಮುಂಚೆಯೇ ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು. ಆ ಲೆಕ್ಕ ಹೇಗೆ ಅನ್ನೋದೇ ಇವತ್ತಿನ ಮಾತು.

ಎಷ್ಟು ಸಾಕು ಅನ್ನೋದರಿಂದ ಶುರು ಮಾಡೋಣ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ, ಪುಡಿ ರೂಪದ ರೈಜೋಬಿಯಂ ಗೊಬ್ಬರದಲ್ಲಿ ಒಂದು ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು. ನಾವು ಬ್ರಾತನ್ನು ಪುಡಿಗೆ ಬೆರೆಸುತ್ತೇವೆ. ತೇವಾಂಶ ಶೇಕಡಾ 40ರ ಆಸುಪಾಸಿಗೆ ಬರುವಷ್ಟು ಬೆರೆಸುತ್ತೇವೆ. ಅಂದರೆ ಒಂದು ಕಿಲೋ ಮಾಲಿನಲ್ಲಿ ಸುಮಾರು 400 ಮಿಲಿ ಬ್ರಾತ್. ಬ್ರಾತಿನಲ್ಲಿ ಮಿಲಿಗೆ 100 ಕೋಟಿ ಕೋಶ ಇದ್ದರೆ, ಪುಡಿಯಲ್ಲಿ ಗ್ರಾಂಗೆ 40 ಕೋಟಿ ಬರುತ್ತದೆ. ಬೇಕಾದದ್ದರ ಎಂಟು ಪಟ್ಟು. ಪ್ಯಾಕೆಟ್ ಅಂಗಡಿಯಲ್ಲಿ ಕೂತಿರುವಾಗ, ಬಿಸಿಲಲ್ಲಿ ಸಾಗುವಾಗ ಕೋಶಗಳು ಸಾಯುತ್ತಲೇ ಇರುತ್ತವೆ. ಮೂರು ಸಲ ಅರ್ಧಕ್ಕೆ ಇಳಿದರೂ ರೈತನ ಬೀಜಕ್ಕೆ ತಲುಪುವಾಗ 5 ಕೋಟಿ ಉಳಿದಿರುತ್ತದೆ. ಅದಕ್ಕೇ ನಮ್ಮ ಗುರಿ ಮಿಲಿಗೆ 100 ಕೋಟಿ.

ಈಗ ಗುರಿ ಮುಟ್ಟುವ ದಾರಿ. ಬ್ಯಾಕ್ಟೀರಿಯಾ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಒಂದು ಸಲ ದುಪ್ಪಟ್ಟಾಗಲು ಹಿಡಿಯುವ ಹೊತ್ತೇ ಡಬ್ಲಿಂಗ್ ಟೈಮ್. ಪುಸ್ತಕಗಳಲ್ಲಿ ಇ. ಕೋಲಿಯ 20 ನಿಮಿಷ ಎಲ್ಲರೂ ಓದಿರುತ್ತೀರಿ. ಅದು ಒಳ್ಳೆಯ ಆಹಾರ, 37 ಡಿಗ್ರಿ ಬಿಸಿ, ಸಾಕಷ್ಟು ಗಾಳಿ ಎಲ್ಲ ಇದ್ದಾಗಿನ ಮಾತು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು 15ರಿಂದ 20 ಗಂಟೆ ಬೇಕು. ನಮ್ಮ ಗುಂಪಿನಲ್ಲೇ ಎರಡು ಬಗೆ ಇವೆ. ಮೆಂತ್ಯದ ಬೇರಿನಲ್ಲಿ ಇರುವಂಥವು ಚುರುಕು, ಎರಡರಿಂದ ನಾಲ್ಕು ಗಂಟೆಗೆ ಒಮ್ಮೆ ದುಪ್ಪಟ್ಟಾಗುತ್ತವೆ. ಸೋಯಾ, ಶೇಂಗಾದವು ನಿಧಾನ, ಆರು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳುತ್ತವೆ. ಎಷ್ಟು ಜಾಸ್ತಿ ಅನ್ನೋದನ್ನು ನಿಮ್ಮ ಫ್ಲಾಸ್ಕೇ ಹೇಳಬೇಕು. ತಳಿ, ಬ್ರಾತು, ಕೋಣೆಯ ಬಿಸಿ, ಶೇಕರ್ ತಿರುಗುವ ವೇಗ, ಇದರಲ್ಲಿ ಯಾವುದು ಬದಲಾದರೂ ಆ ಹೊತ್ತು ಬದಲಾಗುತ್ತದೆ. ಇನ್ನೊಬ್ಬರ ಅಂಕಿಯನ್ನು ತಂದು ನಿಮ್ಮ ಘಟಕದ ಗೋಡೆಗೆ ಅಂಟಿಸಬೇಡಿ.

ಹಾಗಾದರೆ ಅಳೆಯುವುದು ಹೇಗೆ? ನಾನು ಅಳೆದ ಒಂದು ಫ್ಲಾಸ್ಕಿನ ಕತೆಯನ್ನೇ ಹೇಳುತ್ತೇನೆ.

ಅರ್ಧ ಲೀಟರ್ ಫ್ಲಾಸ್ಕಿನಲ್ಲಿ 200 ಮಿಲಿ ಬ್ರಾತ್. ಅದಕ್ಕಿಂತ ತುಂಬಿಸಬಾರದು, ಈ ಜೀವಿಗೆ ಗಾಳಿ ಬೇಕು. ಬ್ರಾತ್ ಅಂದರೆ ನಾವೆಲ್ಲ ಮಾಡುವ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಬ್ರಾತ್. ಲೀಟರಿಗೆ 10 ಗ್ರಾಂ ಮ್ಯಾನಿಟಾಲ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, ಜೊತೆಗೆ ಒಂದಿಷ್ಟು ಲವಣಗಳು. ಯೀಸ್ಟ್ ಎಕ್ಸ್‌ಟ್ರಾಕ್ಟ್ ಸುರಿದರೆ ಬೇಗ ಬೆಳೆಯಬಹುದು ಅಂತ ಕೆಲವರು ಜಾಸ್ತಿ ಹಾಕುತ್ತಾರೆ. ಹಾಗೆ ಮಾಡಬೇಡಿ, ಕೋಶಗಳ ಆಕಾರವೇ ಕೆಡುತ್ತದೆ. ಬಿಸಿ 28 ಡಿಗ್ರಿ. ಹೆಪ್ಪಿಗೆ 2 ಮಿಲಿ ಮದರ್ ಕಲ್ಚರ್ ಹಾಕಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೇ. ಮದರ್ ಕಲ್ಚರಿನಲ್ಲಿ ಮಿಲಿಗೆ 100 ಕೋಟಿ ಇತ್ತು. 200 ಮಿಲಿಗೆ 2 ಮಿಲಿ ಅಂದರೆ ನೂರಕ್ಕೆ ಒಂದು. ಹಾಗಾಗಿ ಫ್ಲಾಸ್ಕ್ ಶುರುವಾಗಿದ್ದು ಮಿಲಿಗೆ 1 ಕೋಟಿಯಿಂದ.

ಆಮೇಲೆ 12 ಗಂಟೆಗೊಮ್ಮೆ ಒಂದು ಮಿಲಿ ತೆಗೆದು ಪ್ಲೇಟ್ ಹಾಕಿದೆ. ವಾರ ಕಳೆದ ಮೇಲೆ ಎಣಿಸಿದಾಗ ಸಿಕ್ಕಿದ್ದು ಇಷ್ಟು, ಎಲ್ಲವೂ ಮಿಲಿಗೆ:

0 ಗಂಟೆ: 1 ಕೋಟಿ
12 ಗಂಟೆ: 1.2 ಕೋಟಿ
24 ಗಂಟೆ: 3.1 ಕೋಟಿ
36 ಗಂಟೆ: 8.8 ಕೋಟಿ
48 ಗಂಟೆ: 25 ಕೋಟಿ
60 ಗಂಟೆ: 64 ಕೋಟಿ
72 ಗಂಟೆ: 120 ಕೋಟಿ
84 ಗಂಟೆ: 140 ಕೋಟಿ

25 ಕೋಟಿಯನ್ನು ಯಾರೂ ಎಣಿಸಲು ಆಗುವುದಿಲ್ಲ. ತೆಳು ಮಾಡಿ ಎಣಿಸಬೇಕು. 9 ಮಿಲಿ ನೀರಿಗೆ 1 ಮಿಲಿ ಬ್ರಾತ್ ಹಾಕಿದರೆ ಹತ್ತು ಪಟ್ಟು ತೆಳು. ಅದರಿಂದ 1 ಮಿಲಿ ತೆಗೆದು ಮತ್ತೆ 9 ಮಿಲಿಗೆ. ಹೀಗೆ ಐದು ಟ್ಯೂಬ್ ದಾಟಿದರೆ ಲಕ್ಷ ಪಟ್ಟು ತೆಳುವಾಗುತ್ತದೆ. ಕೊನೆಯ ಟ್ಯೂಬಿನಿಂದ 0.1 ಮಿಲಿ ಪ್ಲೇಟಿಗೆ ಹಚ್ಚಿದರೆ 250 ಕಾಲೊನಿ ಬರುತ್ತವೆ. 30ರಿಂದ 300ರ ನಡುವೆ ಇರುವ ಪ್ಲೇಟನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕಿಂತ ಕಡಿಮೆ ಇದ್ದರೆ ಅದೃಷ್ಟದ ಆಟ. ಜಾಸ್ತಿ ಇದ್ದರೆ ಒಂದರ ಮೇಲೊಂದು ಬೆಳೆದು ಎಣಿಕೆ ತಪ್ಪುತ್ತದೆ. ಪ್ರತಿ ಟ್ಯೂಬಿಗೂ ಹೊಸ ಪಿಪೆಟ್ ತುದಿ ಹಾಕಿ. ಹಳೆ ತುದಿಯ ಒಳಗೆ ಅಂಟಿಕೊಂಡ ಒಂದು ಹನಿ ಮುಂದಿನ ಟ್ಯೂಬಿನ ಲೆಕ್ಕವನ್ನೇ ಕೆಡಿಸುತ್ತದೆ. ನಮ್ಮ ಬ್ರಾತ್ ಅಂಟಂಟು ಬೇರೆ, ಕೈಗೆ ತಾಗಿದರೆ ಲೋಳೆಸರದ ಹಾಗೆ ಎಳೆಯುತ್ತದೆ. ಟ್ಯೂಬನ್ನು ಚೆನ್ನಾಗಿ ಕುಲುಕದಿದ್ದರೆ ಕೋಶಗಳು ಗುಂಪಾಗಿಯೇ ಉಳಿಯುತ್ತವೆ, ಹತ್ತು ಕೋಶದ ಗುಂಪು ಒಂದೇ ಕಾಲೊನಿಯಾಗಿ ಕಾಣುತ್ತದೆ.

ಈಗ ಆ ಅಂಕಿಗಳನ್ನು ಮತ್ತೆ ನೋಡಿ. ಮೊದಲ 12 ಗಂಟೆ ಹೆಚ್ಚು ಕಡಿಮೆ ಏನೂ ಆಗಿಲ್ಲ. ಕೋಶಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿವೆ. ಇದನ್ನು ಲ್ಯಾಗ್ ಅನ್ನುತ್ತಾರೆ. ನಡುವೆ ಒಂದೇ ವೇಗದಲ್ಲಿ ಏರಿವೆ. ಇದು ಲಾಗ್ ಹಂತ. ಕೊನೆಗೆ ಏರಿಕೆ ನಿಂತಿದೆ. ಫ್ರಾನ್ಸಿನ ಜಾಕ್ ಮೊನೊ 1940ರ ದಶಕದಲ್ಲಿ ಈ ಹಂತಗಳನ್ನು ಅಳತೆ ಮಾಡಿ, ಬೆಳವಣಿಗೆಯ ವೇಗಕ್ಕೂ ಆಹಾರಕ್ಕೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ಬರೆದರು. ನಮಗೆ ಇವತ್ತು ಬೇಕಾದ್ದು ನಡುವಿನ ಭಾಗ ಮಾತ್ರ.

24 ಗಂಟೆಯಲ್ಲಿ 3.1 ಕೋಟಿ, 48ರಲ್ಲಿ 25 ಕೋಟಿ. ಸರಿಸುಮಾರು ಎಂಟು ಪಟ್ಟು. ಎಂಟು ಪಟ್ಟು ಅಂದರೆ ಮೂರು ಸಲ ದುಪ್ಪಟ್ಟು. 24 ಗಂಟೆಯಲ್ಲಿ ಮೂರು ಸಲ, ಅಂದರೆ ಒಂದು ಸಲಕ್ಕೆ 8 ಗಂಟೆ. ಇದೇ ನನ್ನ ಫ್ಲಾಸ್ಕಿನ ಡಬ್ಲಿಂಗ್ ಟೈಮ್. ಎಂಟರ ಹಾಗೆ ಸಲೀಸಾದ ಅಂಕಿ ಯಾವಾಗಲೂ ಸಿಗುವುದಿಲ್ಲ. ಆಗ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು `log` ಒತ್ತಿ:

```
td = t × 0.301 ÷ log(N2 ÷ N1)
```

`t` ಅಂದರೆ ಎರಡು ಎಣಿಕೆಗಳ ನಡುವಿನ ಗಂಟೆ. `N1` ಮೊದಲ ಎಣಿಕೆ, `N2` ಎರಡನೆಯದು. 0.301 ಅನ್ನೋದು ಎರಡರ ಲಾಗ್, ಅಷ್ಟೇ.

ಬಹಳ ಮಂದಿ ತಪ್ಪುವುದು ಇಲ್ಲೇ. ಮೊದಲ ಎಣಿಕೆ ಮತ್ತು ಕೊನೆಯ ಎಣಿಕೆ ಹಿಡಿದು ಸೂತ್ರಕ್ಕೆ ಹಾಕಿಬಿಡುತ್ತಾರೆ. ಇದೇ ಫ್ಲಾಸ್ಕಿನಲ್ಲಿ 0 ಮತ್ತು 72 ಗಂಟೆಯ ಅಂಕಿ ಹಾಕಿದರೆ 10.4 ಗಂಟೆ ಬರುತ್ತದೆ. 0 ಮತ್ತು 12 ಹಾಕಿದರೆ 45 ಗಂಟೆ ದಾಟುತ್ತದೆ. ಎರಡೂ ಡಬ್ಲಿಂಗ್ ಟೈಮ್ ಅಲ್ಲ. ಮೊದಲನೆಯದರಲ್ಲಿ ಹೊಂದಿಕೊಳ್ಳುವ ಹೊತ್ತೂ ಸುಸ್ತಾಗುವ ಹೊತ್ತೂ ಸೇರಿಹೋಗಿವೆ. ಎರಡನೆಯದು ಬರೀ ಹೊಂದಿಕೊಳ್ಳುವ ಹೊತ್ತು. ಅದಕ್ಕೇ ಎಣಿಕೆಗಳ ಲಾಗ್ ತೆಗೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಲಾಗ್. ಕನಿಷ್ಠ ಮೂರು ಚುಕ್ಕೆ ಒಂದೇ ನೇರ ಗೆರೆಯಲ್ಲಿ ಬರುವ ಜಾಗ ಹುಡುಕಿ. ನನ್ನದರಲ್ಲಿ 24, 36, 48 ನೇರವಾಗಿ ಕೂತವು. 60ರದ್ದು ಗೆರೆಯಿಂದ ಸ್ವಲ್ಪ ಕೆಳಗೆ ಜಾರಿತ್ತು. 8 ಗಂಟೆಯ ವೇಗ ಹಾಗೇ ಉಳಿದಿದ್ದರೆ 71 ಕೋಟಿ ಆಗಬೇಕಿತ್ತು, ಆಗಿದ್ದು 64. ಆಹಾರವೋ ಗಾಳಿಯೋ ಸಾಲದೆ ಬರುವ ಸೂಚನೆ ಅದು.

ಅದೇ ಗೆರೆಯಿಂದ ಲ್ಯಾಗ್ ಕೂಡ ಸಿಗುತ್ತದೆ. ನೇರ ಗೆರೆಯನ್ನು ಹಿಂದಕ್ಕೆ ಎಳೆಯಿರಿ, ಅದು 1 ಕೋಟಿಯ ಮಟ್ಟವನ್ನು ಎಲ್ಲಿ ಮುಟ್ಟುತ್ತದೆ ನೋಡಿ. 1ರಿಂದ 3.1 ಕೋಟಿಗೆ 1.63 ಸಲ ದುಪ್ಪಟ್ಟಾಗಬೇಕು. ಎಂಟರಿಂದ ಗುಣಿಸಿದರೆ 13 ಗಂಟೆ. 24ರಲ್ಲಿ 13 ಕಳೆದರೆ 11. ಅಂದರೆ ನನ್ನ ಫ್ಲಾಸ್ಕಿನ ಲ್ಯಾಗ್ 11 ಗಂಟೆ.

ಈಗ ನಮ್ಮ ಮುಖ್ಯ ಪ್ರಶ್ನೆ. 1 ಕೋಟಿಯಿಂದ 100 ಕೋಟಿಗೆ ಎಷ್ಟು ಗಂಟೆ?

```
T = L + td × log(N ÷ N0) ÷ 0.301
```

`L` ಲ್ಯಾಗ್, `N0` ಶುರುವಿನ ಎಣಿಕೆ, `N` ಗುರಿ. ನೂರು ಪಟ್ಟು, ಲಾಗ್ 2. ಅದನ್ನು 0.301ರಿಂದ ಭಾಗಿಸಿದರೆ 6.64 ಸಲ ದುಪ್ಪಟ್ಟು. ಎಂಟರಿಂದ ಗುಣಿಸಿದರೆ 53 ಗಂಟೆ. ಲ್ಯಾಗಿನ 11 ಸೇರಿಸಿದರೆ 64.

ಸೂತ್ರ ಮರೆತರೂ ಪರವಾಗಿಲ್ಲ. ನಾನು ದಿನಾ ಬಳಸುವುದು ಒಂದೇ ಮಾತು: ಹತ್ತು ಪಟ್ಟಾಗಲು 3.3 ಸಲ ದುಪ್ಪಟ್ಟಾಗಬೇಕು. ಹತ್ತು ಪಟ್ಟು ಅಂದರೆ ಅಂಕಿಯ ಹಿಂದೆ ಒಂದು ಸೊನ್ನೆ. ನನ್ನ ಸೋಯಾ ತಳಿಗೆ ಒಂದು ಸೊನ್ನೆ ಸೇರಿಸಲು 8ರ 3.3 ಪಟ್ಟು, ಅಂದರೆ ಸುಮಾರು 26 ಗಂಟೆ 30 ನಿಮಿಷ. ನಿಮ್ಮ ಮೆಂತ್ಯದ ತಳಿ 3 ಗಂಟೆಯದಾದರೆ 10 ಗಂಟೆ ಸಾಕು. ಪ್ರತಿ ತಳಿಗೂ ಒಂದು ಸೊನ್ನೆಯ ಗಂಟೆ ಬರೆದಿಟ್ಟುಕೊಳ್ಳಿ. ಎಷ್ಟು ಸೊನ್ನೆ ಬೇಕೋ ಅಷ್ಟು ಸಲ ಕೂಡಿಸಿ. ಲ್ಯಾಗ್ ಸೇರಿಸಿ. ಮುಗಿಯಿತು.

ಲೆಕ್ಕ 64 ಹೇಳಿತು. ಫ್ಲಾಸ್ಕ್ ನಿಜವಾಗಿ 100 ಕೋಟಿ ಮುಟ್ಟಿದ್ದು ಯಾವಾಗ? 60ರಲ್ಲಿ 64 ಕೋಟಿ, 72ರಲ್ಲಿ 120. ನಡುವೆ ಅಂದಾಜು ಮಾಡಿದರೆ 68 ಗಂಟೆ ದಾಟಿದ ಮೇಲೆ. ನಾಲ್ಕು ಗಂಟೆ ತಡ. ಕೊನೆಯಲ್ಲಿ ವೇಗ ತಗ್ಗಿದ್ದೇ ಕಾರಣ. ಹಾಗಾಗಿ ಗುರಿ 100 ಕೋಟಿ ಇದ್ದಾಗ ಸೂತ್ರದ ಉತ್ತರಕ್ಕೆ ನಾನು ನಾಲ್ಕು ಗಂಟೆ ಸೇರಿಸುತ್ತೇನೆ. ಗುರಿ 20 ಕೋಟಿ ಇದ್ದರೆ ಏನೂ ಸೇರಿಸುವುದಿಲ್ಲ, ಅಲ್ಲಿ ಗೆರೆ ಇನ್ನೂ ನೇರವಾಗಿಯೇ ಇರುತ್ತದೆ.

ಗುರಿಯನ್ನು 1,000 ಕೋಟಿಗೆ ಏರಿಸಿದರೆ? ಸೂತ್ರ ಇನ್ನೊಂದು ಸೊನ್ನೆಗೆ 26 ಗಂಟೆ 30 ನಿಮಿಷ ಸೇರಿಸಿ 91 ಗಂಟೆ ಅಂತ ಉತ್ತರ ಕೊಡುತ್ತದೆ. ಆದರೆ ಫ್ಲಾಸ್ಕ್ 84 ಗಂಟೆಗೇ 140 ಕೋಟಿಯಲ್ಲಿ ನಿಂತಿದೆ. ಸೂತ್ರಕ್ಕೆ ಬ್ರಾತಿನಲ್ಲಿ ಎಷ್ಟು ಆಹಾರ ಉಳಿದಿದೆ ಅಂತ ಗೊತ್ತಿಲ್ಲ. ನೇರ ಗೆರೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ಅದರ ಮಾತು ನಡೆಯುತ್ತದೆ.

ಇನ್ನೊಂದು ಕಡೆಯಿಂದ ನೋಡಿ. ಅವಸರಕ್ಕೆ ಒಂದು ದಿನ ಮೊದಲೇ ಬ್ರಾತ್ ತೆಗೆದರೆ ಎಷ್ಟು ನಷ್ಟ? ಸೂತ್ರದ ಪ್ರಕಾರ ಒಂದು ದಿನ ಅಂದರೆ ಮೂರು ದುಪ್ಪಟ್ಟು. 100 ಕೋಟಿಯ ಬದಲು ಸುಮಾರು 12.5 ಕೋಟಿ ಸಿಗುತ್ತದೆ. ಪುಡಿಗೆ ಬೆರೆಸಿದರೆ ಗ್ರಾಂಗೆ 5 ಕೋಟಿ. ಅಂದರೆ ಪ್ಯಾಕ್ ಮಾಡಿದ ದಿನವೇ ಮಾಲು ಕನಿಷ್ಠ ಮಟ್ಟದಲ್ಲಿ ನಿಂತಿರುತ್ತದೆ. ಮರುದಿನದಿಂದ ಕೆಳಗೆ. ನೋಡಲು ಬ್ರಾತ್ ಕದಡಿಕೊಂಡೇ ಇರುತ್ತದೆ, ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಕದಡು ಅಳೆಯುವ ಯಂತ್ರ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ನಾನೂ ಬಳಸುತ್ತೇನೆ. ಕಲರಿಮೀಟರ್ ಎರಡು ನಿಮಿಷದಲ್ಲಿ ಅಂಕಿ ಕೊಡುತ್ತದೆ. ಆದರೆ ಅದಕ್ಕೆ ಸತ್ತ ಕೋಶವೂ ಒಂದೇ, ಬದುಕಿದ ಕೋಶವೂ ಒಂದೇ. ನಮ್ಮ ಬ್ರಾತಿನಲ್ಲಿ ಅಂಟು ಸೇರಿಕೊಳ್ಳುವುದರಿಂದ ಓದುವಿಕೆ ಇನ್ನೂ ಏರುಪೇರಾಗುತ್ತದೆ. ಬೇರೆ ಜೀವಿ ಹೊಕ್ಕರೂ ಕದಡು ಏರುತ್ತದೆ, ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಅದನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ. ಗಂಟೆಯ ಲೆಕ್ಕ ಒಂದು ಹೇಳಿ, ಕಲರಿಮೀಟರ್ ಇನ್ನೊಂದು ಹೇಳಿದರೆ, ಏನೋ ತಪ್ಪಿದೆ ಅಂತ ಅರ್ಥ. ಆಗ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ.

ನನ್ನ ಅನುಭವದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ತುಂಬಾ ಹಿಂದೆ ನಾನು ಕೆಲಸ ಮಾಡುತ್ತಿದ್ದ ಘಟಕದಲ್ಲಿ ಮುಂಗಾರಿನ ಹೊತ್ತಿಗೆ ಬೇಡಿಕೆ ಏಕಾಏಕಿ ಏರಿತು. ಹೊಸ ಮದರ್ ಕಲ್ಚರ್ ಮಾಡಲು ಪುರಸೊತ್ತು ಇರಲಿಲ್ಲ. ಫ್ರಿಜ್ಜಿನಲ್ಲಿ ಮೂರು ವಾರದಿಂದ ಇದ್ದದ್ದನ್ನೇ ತೆಗೆದು ಹೆಪ್ಪು ಹಾಕಿದೆ. ಗಂಟೆಗಳನ್ನು ಮಾತ್ರ ಹಳೆಯ ಲೆಕ್ಕದಂತೆ ಇಟ್ಟೆ. ಸರಿಯಾದ ಹೊತ್ತಿಗೆ ತೆಗೆದು ಪುಡಿಗೆ ಬೆರೆಸಿ ಕಳಿಸಿದೆವು. ವಾರ ಕಳೆದು ಪ್ಲೇಟ್ ಎಣಿಸಿದಾಗ ಎದೆ ಧಸಕ್ಕೆಂದಿತು. ಬೇಕಾದದ್ದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಮಾಲನ್ನೆಲ್ಲ ವಾಪಸ್ ತರಿಸಿದೆವು. ಅಷ್ಟರಲ್ಲಿ ಕೆಲವರು ಬಿತ್ತಿಯೂ ಆಗಿತ್ತು. ಅವರ ಮುಖ ಇವತ್ತಿಗೂ ನೆನಪಿದೆ.

ಆಗಿದ್ದು ಇಷ್ಟೇ. ಡಬ್ಲಿಂಗ್ ಟೈಮ್ ಬದಲಾಗಿರಲಿಲ್ಲ. ಲ್ಯಾಗ್ ಬದಲಾಗಿತ್ತು. ಹಳೆಯ, ಹಸಿದ, ತಣ್ಣಗೆ ಕೂತಿದ್ದ ಕೋಶಗಳು ಎದ್ದು ಕೆಲಸ ಶುರು ಮಾಡಲು ಬಹಳ ಹೊತ್ತು ತೆಗೆದುಕೊಂಡಿದ್ದವು. ಜೊತೆಗೆ ಅವುಗಳಲ್ಲಿ ಎಷ್ಟೋ ಸತ್ತಿದ್ದರಿಂದ ಶುರುವಿನ ಎಣಿಕೆಯೂ ನಾನು ಅಂದುಕೊಂಡಷ್ಟು ಇರಲಿಲ್ಲ. ಗುರಿ ಬಿಟ್ಟು ಸೂತ್ರದಲ್ಲಿ ಮೂರು ಅಂಕಿ ಹಾಕುತ್ತೇವಲ್ಲ, ಅದರಲ್ಲಿ ಎರಡು ತಪ್ಪಿದ್ದವು. ಅಂದಿನಿಂದ ಹಳೆಯ ಮದರ್ ಕಲ್ಚರ್ ಮುಟ್ಟುವುದಿಲ್ಲ; ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕುವಾಗಲೂ ಏರುತ್ತಿರುವ ಹಂತದಲ್ಲೇ ತೆಗೆದು, ಅದೇ ಬಗೆಯ ಬ್ರಾತಿಗೆ, ಅದೇ ಬಿಸಿಯಲ್ಲಿ ಹಾಕುತ್ತೇನೆ. ಹಾಗೆ ಮಾಡಿದರೆ ಲ್ಯಾಗ್ ಹೆಚ್ಚು ಕಡಿಮೆ ಇರುವುದೇ ಇಲ್ಲ.

ಎಣಿಕೆಯಲ್ಲಿ ಆಗುವ ಸಣ್ಣ ತಪ್ಪಿಗೆ ಮಾತ್ರ ಅಷ್ಟು ಹೆದರಬೇಡಿ. ಶುರುವಿನ ಎಣಿಕೆ ಶೇಕಡಾ 20ರಷ್ಟು ತಪ್ಪಿದರೆ ಗಂಟೆಯಲ್ಲಿ ಬರುವ ವ್ಯತ್ಯಾಸ ಬರೀ ಎರಡು, ಎರಡೂವರೆ ಗಂಟೆ. ಆದರೆ ಡಬ್ಲಿಂಗ್ ಟೈಮ್ ಒಂದು ಗಂಟೆ ತಪ್ಪಿದರೆ, ಎಂಟರ ಬದಲು ಒಂಬತ್ತಾದರೆ, ಎರಡು ಸೊನ್ನೆಯ ದಾರಿಯಲ್ಲಿ ಆರೂವರೆ ಗಂಟೆ ಹೋಗುತ್ತದೆ. ಒಂದು ಡಿಸೆಂಬರಿನಲ್ಲಿ ನಮ್ಮ ಕೋಣೆಯ ಹೀಟರ್ ಕೆಟ್ಟಿತ್ತು. ರಾತ್ರಿ 20 ಡಿಗ್ರಿಗೆ ಇಳಿಯುತ್ತಿತ್ತು. ಆಗ ಅಳೆದಾಗ 8 ಗಂಟೆ ಇದ್ದದ್ದು 12 ದಾಟಿತ್ತು. ಕರೆಂಟ್ ಹೋಗಿ ಶೇಕರ್ ನಿಂತರೂ ಹೀಗೇ. ಬ್ರಾತಿನಲ್ಲಿ ಕರಗಿರುವ ಆಮ್ಲಜನಕ ಬೇಗ ಖಾಲಿಯಾಗುತ್ತದೆ, ಬೆಳವಣಿಗೆ ತಗ್ಗುತ್ತದೆ. ಕೆಟ್ಟ ರಾತ್ರಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಶೇಕರ್ ನಿಂತಷ್ಟು ಗಂಟೆಯನ್ನು ಲೆಕ್ಕದಿಂದ ಬಿಟ್ಟುಬಿಡಿ.

ಈಗ ದೊಡ್ಡ ಪಾತ್ರೆಯ ಮಾತು. ನಿಮ್ಮಲ್ಲಿ ಕೆಲವರ ಹತ್ತಿರ 80 ಲೀಟರ್ ಫರ್ಮೆಂಟರ್ ಇದೆ. 200 ಮಿಲಿ ಫ್ಲಾಸ್ಕನ್ನು ನೇರವಾಗಿ ಅದಕ್ಕೆ ಸುರಿಯಬಹುದಾ, ಅಥವಾ ನಡುವೆ 4 ಲೀಟರಿನ ಒಂದು ಮೆಟ್ಟಿಲು ಬೇಕಾ?

ಗಂಟೆಗಳನ್ನಷ್ಟೇ ನೋಡಿದರೆ ವ್ಯತ್ಯಾಸ ಇಲ್ಲ. ನೇರವಾಗಿ ಸುರಿದರೆ 400 ಪಟ್ಟು ಬೆಳೆಯಬೇಕು. ಅದು 8.64 ದುಪ್ಪಟ್ಟು, 69 ಗಂಟೆ. ಮೆಟ್ಟಿಲು ಇಟ್ಟರೆ 20 ಪಟ್ಟು, ಮತ್ತೆ 20 ಪಟ್ಟು. ಒಂದೊಂದಕ್ಕೆ 4.32 ದುಪ್ಪಟ್ಟು, ಸುಮಾರು 35 ಗಂಟೆ. ಎರಡು ಸೇರಿ ಅದೇ 69. ಹಾಗಿದ್ದ ಮೇಲೆ ಸುಮ್ನೆ ಇನ್ನೊಂದು ಪಾತ್ರೆ ತೊಳೆಯುವ ಕೆಲಸ ಯಾಕೆ?

ಯಾಕೆ ಅಂದರೆ ಆ ಬ್ರಾತಿನಲ್ಲಿ ನಮ್ಮ ಜೀವಿ ಒಂದೇ ಇರುತ್ತದೆ ಅಂತ ಹೇಳಲು ಆಗುವುದಿಲ್ಲ. ಗಾಳಿಯ ಕೊಳವೆಯಿಂದಲೋ, ಸರಿಯಾಗಿ ಬೇಯದ ಒಂದು ಮೂಲೆಯಿಂದಲೋ ಬೇರೆ ಬ್ಯಾಕ್ಟೀರಿಯಾದ ಒಂದೇ ಒಂದು ಕೋಶ ಉಳಿದಿದೆ ಅಂತ ಇಟ್ಟುಕೊಳ್ಳಿ. 80 ಲೀಟರಿಗೆ ಒಂದು. ಅದರ ಡಬ್ಲಿಂಗ್ ಟೈಮ್ ಒಂದು ಗಂಟೆ ಅನ್ನೋಣ. ಇಂಥ ಚುರುಕು ಜೀವಿಗಳು ಧೂಳಿನಲ್ಲಿ ಬೇಕಾದಷ್ಟು ಇವೆ. ಅದಕ್ಕೆ ಒಂದು ಸೊನ್ನೆಗೆ 3 ಗಂಟೆ 20 ನಿಮಿಷ ಸಾಕು. ಲೆಕ್ಕ ಹಾಕಿದರೆ, ಆ ಒಂದೇ ಕೋಶ 46 ಗಂಟೆಯಲ್ಲಿ 80 ಲೀಟರ್ ತುಂಬ ಮಿಲಿಗೆ 100 ಕೋಟಿ ಆಗುತ್ತದೆ. ನೀವು 69 ಗಂಟೆ ಕಾಯುತ್ತಿದ್ದೀರಿ. ನಿಮ್ಮ ಬ್ರಾತ್ ಚೆನ್ನಾಗಿ ಕದಡಿರುತ್ತದೆ, ಕಲರಿಮೀಟರ್ ಒಳ್ಳೆಯ ಅಂಕಿ ಕೊಡುತ್ತದೆ. ಒಳಗೆ ಇರುವುದು ಮಾತ್ರ ಆ ಇನ್ನೊಂದು.

ಮೆಟ್ಟಿಲು ಇಟ್ಟು 35 ಗಂಟೆಗೇ ಮುಗಿಸಿದರೆ ಅದೇ ಒಂದು ಕೋಶ ಮಿಲಿಗೆ ಸುಮಾರು 4 ಲಕ್ಷ ಆಗಿರುತ್ತದೆ. ನಮ್ಮದು 100 ಕೋಟಿ ಇರುತ್ತದೆ. 4 ಲಕ್ಷವೂ ಒಳ್ಳೆಯದಲ್ಲ. ಲಕ್ಷ ಪಟ್ಟು ತೆಳು ಮಾಡಿದ ಪ್ಲೇಟಿನಲ್ಲಿ ಬೇರೆ ಜೀವಿ ಕಾಣಬಾರದು ಅನ್ನೋದು ನಿಯಮ, ಇದು ಆ ಗೆರೆಯ ಅಂಚಿನಲ್ಲೇ ಇದೆ. ಆದರೆ ಮೊದಲನೆಯದಕ್ಕೂ ಇದಕ್ಕೂ ಅಜಗಜಾಂತರ. ಅದೂ ಅಲ್ಲದೆ 4 ಲೀಟರಿನ ಹಂತದಲ್ಲೇ ಏನಾದರೂ ಹೊಕ್ಕಿದ್ದರೆ ಅಲ್ಲೇ ಗ್ರಾಂ ಸ್ಟೇನ್ ಅನ್ನುವ ಬಣ್ಣದ ಪರೀಕ್ಷೆ ಮಾಡಿ ನೋಡಬಹುದು. ಕೆಟ್ಟಿದ್ದರೆ ಹೋಗುವುದು 4 ಲೀಟರ್ ಮಾತ್ರ.

ಆ ಕೆಂಪು ಪ್ಲೇಟ್ ಎಲ್ಲಿಗೆ ಬಂತು? ಹಿಂದಿನ ಸಾಲಿಗಾ? ಅದರ ಬಲ ಅಂಚಿನಲ್ಲಿ ಕಡು ಕೆಂಪು ಬಣ್ಣದ, ಚಪ್ಪಟೆಯಾದ ಒಂದು ಕಾಲೊನಿ ಇದೆ ನೋಡಿ. ಅಗಾರಿಗೆ ಕಾಂಗೋ ರೆಡ್ ಹಾಕಿರುವುದೇ ಇದಕ್ಕೆ. ರೈಜೋಬಿಯಂ ಆ ಬಣ್ಣವನ್ನು ಹೀರುವುದು ಬಹಳ ಕಡಿಮೆ, ಬಿಳಿಯಾಗಿಯೇ ಉಳಿಯುತ್ತದೆ. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಹೀರಿಕೊಂಡು ಕೆಂಪಾಗುತ್ತವೆ. ಆ ಕೆಂಪು ಕಾಲೊನಿ ಎರಡನೇ ದಿನವೇ ಕಂಡಿತ್ತು. ಅದೂ ಒಂದು ಗುರುತು. ನಿಧಾನದ ತಳಿಯ ಪ್ಲೇಟಿನಲ್ಲಿ ಎರಡನೇ ದಿನ ಏನಾದರೂ ಕಂಡರೆ, ಬಣ್ಣ ಯಾವುದೇ ಇರಲಿ, ಅದು ನಮ್ಮದಲ್ಲ. ಆ ಬ್ಯಾಚನ್ನು ನಾನು ಪ್ಯಾಕ್ ಮಾಡಲಿಲ್ಲ.

ಕೊನೆಗೆ, ಹಿಂದಿನ ಸಲ ಒಬ್ಬ ತಾಯಿ ಕೇಳಿದ ಪ್ರಶ್ನೆ. ಅವರು ಸ್ತ್ರೀಶಕ್ತಿ ಗುಂಪಿನ ಘಟಕ ನೋಡಿಕೊಳ್ಳುತ್ತಾರೆ. "ಸರ್, ನಮಗೆ ಸೋಮವಾರ ಮಧ್ಯಾಹ್ನ ಎರಡಕ್ಕೆ ಪ್ಯಾಕಿಂಗಿಗೆ ಹೆಂಗಸರು ಬರ್ತಾರೆ. ನಾನು ಹೆಪ್ಪು ಯಾವತ್ತು ಹಾಕಲಿ?" ಅಂದರು. ಇದೇ ಸರಿಯಾದ ಪ್ರಶ್ನೆ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಬೇಕು.

80 ಲೀಟರಿಗೆ 35 ಗಂಟೆ, ಕೊನೆಯ ನಿಧಾನಕ್ಕೆ 4, ಒಟ್ಟು 39. ಏರುತ್ತಿರುವ ಬ್ರಾತನ್ನೇ ಹಾಕುವುದರಿಂದ ಇಲ್ಲಿ ಲ್ಯಾಗ್ ಇಲ್ಲ. ಸೋಮವಾರ ಮಧ್ಯಾಹ್ನ ಎರಡರಿಂದ ಹಿಂದಕ್ಕೆ 39 ಗಂಟೆ ಎಣಿಸಿದರೆ ಶನಿವಾರ ರಾತ್ರಿ 11. ಆ ಹೊತ್ತಿಗೆ 4 ಲೀಟರ್ ಸಿದ್ಧ ಇರಬೇಕು. ಅದಕ್ಕೂ 39 ಗಂಟೆ, ಶುಕ್ರವಾರ ಬೆಳಿಗ್ಗೆ 8. ಆ ಹೊತ್ತಿಗೆ 200 ಮಿಲಿ ಫ್ಲಾಸ್ಕ್ ಸಿದ್ಧ ಇರಬೇಕು. ಅದಕ್ಕೆ ಲ್ಯಾಗ್ ಸೇರಿ 68 ಗಂಟೆ. ಹಾಗಾದರೆ ಮಂಗಳವಾರ ಮಧ್ಯಾಹ್ನ 12ಕ್ಕೆ ಹೆಪ್ಪು ಹಾಕಬೇಕು.

"ಶನಿವಾರ ರಾತ್ರಿ 11ಕ್ಕೆ ನಾನು ಅಲ್ಲಿ ಒಬ್ಬಳೇ ಹೆಂಗೆ ಇರಲಿ?" ಅಂದರು. ಅದೂ ಸರಿಯೇ. ಗಂಟೆ ಬದಲಿಸಲು ಹೆಪ್ಪಿನ ಅಳತೆ ಬದಲಿಸಬೇಕು. ಹೆಪ್ಪು ಅರ್ಧ ಮಾಡಿ 2 ಲೀಟರ್ ಹಾಕಿದರೆ ಒಂದು ದುಪ್ಪಟ್ಟು ಜಾಸ್ತಿ ಬೇಕು. ಅಂದರೆ 8 ಗಂಟೆ ಮೊದಲೇ, ಶನಿವಾರ ಮಧ್ಯಾಹ್ನ 3ಕ್ಕೆ ಹಾಕಬಹುದು. ಅನುಕೂಲವೇ. ಆದರೆ ಪಾತ್ರೆ 47 ಗಂಟೆ ಓಡುತ್ತದೆ, ಆ ಇನ್ನೊಂದು ಜೀವಿಗೆ 46 ಸಾಕು. ಅದಕ್ಕೆ ನಾನು ಅವರಿಗೆ ಹೇಳಿದ್ದು ಹೆಪ್ಪು ದುಪ್ಪಟ್ಟು ಮಾಡಿ ಅಂತ. 4 ಲೀಟರಿನ ಎರಡು ಪಾತ್ರೆ ಬೆಳೆಸಿ, 80 ಲೀಟರಿಗೆ 8 ಲೀಟರ್ ಹಾಕಿ. ಆಗ ಹತ್ತು ಪಟ್ಟು ಬೆಳೆದರೆ ಸಾಕು. ಒಂದೇ ಸೊನ್ನೆ. 26 ಗಂಟೆ 30 ನಿಮಿಷ, ಮೇಲೆ 4 ಗಂಟೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದು ಹಾಕಿದರೆ ಸೋಮವಾರ ಎರಡಕ್ಕೆ ಬ್ರಾತ್ ತಯಾರು. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಹಂಗಾದ್ರೆ ಮಂಗಳವಾರದ ಫ್ಲಾಸ್ಕೂ ಎರಡು ಇಡಬೇಕು, ಹೊತ್ತೂ ಸಂಜೆ ಎಂಟೂವರೆಗೆ ಹೋಗ್ತದೆ" ಅಂದರು. ನಾನು ಹೇಳುವ ಮೊದಲೇ ಲೆಕ್ಕ ಹಾಕಿದ್ದರು.